ಕಾಪಿ, ಕಾಫಿ ಮತ್ತು ಪಕಾರದ ಲೆಕ್ಕ: ಧ್ವನಿಮಾ, ಉಪಧ್ವನಿಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದಲ್ಲಿ ಕನ್ನಡ ಎಂ.ಎ. ವಿದ್ಯಾರ್ಥಿಗಳಿಗೆ ಭಾಷಾವಿಜ್ಞಾನ ಪಾಠ ಮಾಡುವಾಗ ವರ್ಷ ವರ್ಷವೂ ನನ್ನೆದುರು ಬರುವ ಪ್ರಶ್ನೆಗಳನ್ನು ಇಲ್ಲಿ ಒಂದೆಡೆ ಸೇರಿಸಿದ್ದೇನೆ. ಉದಾಹರಣೆಗಳನ್ನು ಎಲ್ಲೆಡೆಯಿಂದ ಹೆಕ್ಕಿ ತರುವ ಬದಲು ಆದಷ್ಟೂ ಒಂದೇ ಧ್ವನಿಯನ್ನು, ಅಂದರೆ ಪಕಾರವನ್ನು ಮತ್ತು ಅದರ ನೆಂಟರನ್ನು, ಹಿಡಿದುಕೊಂಡು ಹೋಗಿದ್ದೇನೆ. ಕಾಫಿ ಬೆಳೆಯುವ ಸೀಮೆಯಲ್ಲಿ ಇದಕ್ಕಿಂತ ಅನುಕೂಲವಾದ ಧ್ವನಿ ಬೇರೊಂದಿಲ್ಲ.

ಧ್ವನಿಮಾ ಎಂದರೇನು? ಉಪಧ್ವನಿ ಎಂದರೇನು?

ಒಂದು ಭಾಷೆಯಲ್ಲಿ ಒಂದು ಧ್ವನಿಯ ಜಾಗದಲ್ಲಿ ಇನ್ನೊಂದನ್ನು ಇಟ್ಟಾಗ ಪದದ ಅರ್ಥವೇ ಬೇರೆಯಾಗುವುದಾದರೆ ಆ ಎರಡೂ ಆ ಭಾಷೆಯ ಬೇರೆ ಬೇರೆ ಧ್ವನಿಮಾಗಳು. ಧ್ವನಿ ಬದಲಾದರೂ ಪದ ಅದೇ ಪದವಾಗಿ ಉಳಿದು, ಹೆಚ್ಚೆಂದರೆ ಉಚ್ಚಾರಣೆ ಸ್ವಲ್ಪ ವಿಚಿತ್ರವಾಗಿ ಕೇಳಿಸುವುದಾದರೆ, ಅವು ಒಂದೇ ಧ್ವನಿಮಾದ ಎರಡು ಉಪಧ್ವನಿಗಳು. ಫೋನೀಮ್, ಅಲೋಫೋನ್ ಎಂದು ಇಂಗ್ಲಿಷಿನಲ್ಲಿ ಕರೆಯುವುದು ಇವನ್ನೇ. ಕೆಲವು ಪಠ್ಯಗಳಲ್ಲಿ ಎರಡನೆಯದಕ್ಕೆ ಉಪಧ್ವನಿಮಾ ಎಂಬ ಹೆಸರೂ ಇದೆ.

ಇಂಗ್ಲಿಷಿನಲ್ಲಿ ನಕಲಿಗೆ ‘ಕಾಪಿ’, ಕುಡಿಯುವ ಪೇಯಕ್ಕೆ ‘ಕಾಫಿ’. ಎರಡು ಪದಗಳ ನಡುವೆ ಇರುವ ವ್ಯತ್ಯಾಸ ನಡುವಿನ ಒಂದೇ ವ್ಯಂಜನ: ಮೊದಲನೆಯದರಲ್ಲಿ ಎರಡು ತುಟಿಗಳೂ ಪೂರ್ತಿ ಮುಚ್ಚಿ ತೆರೆಯುತ್ತವೆ, ಎರಡನೆಯದರಲ್ಲಿ ಮೇಲಿನ ಹಲ್ಲು ಕೆಳತುಟಿಗೆ ತಗಲಿ ಸಂದಿಯಿಂದ ಗಾಳಿ ಉಜ್ಜಿಕೊಂಡು ಹೊರಬರುತ್ತದೆ. ಆ ಒಂದು ವ್ಯತ್ಯಾಸದಿಂದ ಅರ್ಥ ಬದಲಾಗುವುದರಿಂದ ಇಂಗ್ಲಿಷಿನಲ್ಲಿ ಇವು ಎರಡು ಧ್ವನಿಮಾಗಳು. ಸಕಲೇಶಪುರದ ಕಡೆಯ ತೋಟಗಳಲ್ಲಿ ದುಡಿಯುವ ಹಿರಿಯರನ್ನು ಕೇಳಿ ನೋಡಿ: ಗಿಡವೂ ಕಾಪಿ, ಲೋಟದಲ್ಲಿರುವುದೂ ಕಾಪಿ, ಪರೀಕ್ಷೆಯಲ್ಲಿ ಮೊಮ್ಮಗ ಹೊಡೆದದ್ದೂ ಕಾಪಿ. ಅವರ ಕನ್ನಡದಲ್ಲಿ ಎರಡನೆಯ ಧ್ವನಿಗೆ ಪ್ರತ್ಯೇಕ ಸ್ಥಾನವಿಲ್ಲ. ಆದ್ದರಿಂದ ‘ಈ ಧ್ವನಿ ಧ್ವನಿಮಾವೇ?’ ಎಂಬ ಪ್ರಶ್ನೆಗೆ, ‘ಯಾವ ಭಾಷೆಯಲ್ಲಿ, ಯಾರ ಮಾತಿನಲ್ಲಿ?’ ಎಂದು ಕೇಳದೆ ಉತ್ತರ ಹೇಳಲು ಬರುವುದಿಲ್ಲ.

ಓರೆಗೆರೆ ಮತ್ತು ಚೌಕ ಕಂಸಗಳನ್ನು ಏಕೆ ಬಳಸುತ್ತಾರೆ?

ಧ್ವನಿಮಾವನ್ನು ಎರಡು ಓರೆಗೆರೆಗಳ ನಡುವೆಯೂ, ಬಾಯಿಂದ ನಿಜವಾಗಿ ಹೊರಟ ಧ್ವನಿಯನ್ನು ಚೌಕ ಕಂಸದಲ್ಲಿಯೂ ಬರೆಯುವುದು ರೂಢಿ. /ಪ/ ಎಂದರೆ ಭಾಷೆಯ ವ್ಯವಸ್ಥೆಯಲ್ಲಿರುವ ಒಂದು ಸ್ಥಾನ. [ಪ] ಎಂದರೆ ಕಿವಿಗೆ ಬಿದ್ದ ಒಂದು ಧ್ವನಿ. ಉತ್ತರಪತ್ರಿಕೆಗಳಲ್ಲಿ ಇವೆರಡನ್ನು ಕಲಸಿದರೆ ಅಂಕ ಕಳೆಯುವುದು ಅನ್ಯಾಯವಲ್ಲ, ಏಕೆಂದರೆ ಕಲಸಿರುವುದು ಗುರುತುಗಳನ್ನಲ್ಲ, ಪರಿಕಲ್ಪನೆಗಳನ್ನು. ಈ ಬರಹದಲ್ಲಿ ಮಹಾಪ್ರಾಣದ ಪಕಾರವನ್ನು [ಪ್‌ಹ] ಎಂದು ಬರೆಯುತ್ತೇನೆ. ‘ಫ’ ಅಕ್ಷರವನ್ನು ಇಂದು ಬೇರೆ ಬೇರೆಯವರು ಬೇರೆ ಬೇರೆ ರೀತಿಯಲ್ಲಿ ಓದುವುದರಿಂದ ಅದನ್ನು ಮಹಾಪ್ರಾಣದ ಗುರುತಾಗಿ ನೆಚ್ಚಿಕೊಳ್ಳುವಂತಿಲ್ಲ.

ಇಂಗ್ಲಿಷಿನ ‘ಪಿನ್’ ಮತ್ತು ‘ಸ್ಪಿನ್’ ಪದಗಳಲ್ಲಿರುವ ಪಕಾರಗಳು ಬೇರೆ ಬೇರೆ ಎನ್ನುತ್ತಾರೆ. ನಮಗೇಕೆ ಹಾಗೆ ಕೇಳಿಸುವುದಿಲ್ಲ?

ನಮ್ಮ ಬಾಯಲ್ಲಿ ಅವು ಬೇರೆಯಾಗಿರದ ಕಾರಣ ಕೇಳಿಸುವುದಿಲ್ಲ. ಕನ್ನಡಿಗರು ಇಂಗ್ಲಿಷ್ ಮಾತನಾಡುವಾಗ ಎರಡು ಕಡೆಯೂ ಅಲ್ಪಪ್ರಾಣವನ್ನೇ ಬಳಸುತ್ತಾರೆ. ಇಂಗ್ಲಿಷ್ ತಾಯ್ನುಡಿಯವರ ಬಾಯಲ್ಲಿ ಪದದ ಮೊದಲಿಗೆ ಬರುವ, ಮುಖ್ಯವಾಗಿ ಒತ್ತು ಬೀಳುವ ಉಚ್ಚಾರಾಂಶದ ಮೊದಲಿಗೆ ಬರುವ ಪಕಾರ [ಪ್‌ಹ] ಆಗಿರುತ್ತದೆ. ಸಕಾರದ ಹಿಂದೆಯೇ ಬಂದರೆ ಅದು ನಮ್ಮ [ಪ]ದಂತೆಯೇ ಇರುತ್ತದೆ. ‘ನಿಪ್’ ಎಂಬಂತಹ ಪದದ ಕೊನೆಯಲ್ಲಿ ಬಂದಾಗ ಎಷ್ಟೋ ಸಲ ತುಟಿ ಮುಚ್ಚಿಕೊಳ್ಳುತ್ತದೆ, ತೆರೆಯುವ ಸದ್ದೇ ಆಗುವುದಿಲ್ಲ. ಮೂರು ಜಾಗ, ಮೂರು ರೂಪ, ಆದರೆ ಇಂಗ್ಲಿಷಿನವನ ಮನಸ್ಸಿನಲ್ಲಿ ಒಂದೇ /ಪ/.

ಇದನ್ನು ಕಣ್ಣಿಂದ ನೋಡಬೇಕಾದರೆ ಅಂಗೈಯನ್ನೋ ತೆಳುವಾದ ಕಾಗದದ ಚೂರನ್ನೋ ತುಟಿಗೆ ನಾಲ್ಕು ಬೆರಳು ದೂರದಲ್ಲಿ ಹಿಡಿದು, ಇಂಗ್ಲಿಷ್ ತಾಯ್ನುಡಿಯವರಿಂದ ಎರಡೂ ಪದಗಳನ್ನು ಹೇಳಿಸಬೇಕು. ‘ಪಿನ್’ ಎಂದಾಗ ಕಾಗದ ಅಲುಗುತ್ತದೆ, ‘ಸ್ಪಿನ್’ ಎಂದಾಗ ಹೆಚ್ಚುಕಡಿಮೆ ಅಲುಗುವುದಿಲ್ಲ. ಅಳತೆಯಲ್ಲಿ ನೋಡುವುದಾದರೆ, ತುಟಿ ತೆರೆದ ಗಳಿಗೆಯಿಂದ ಕೊರಳಿನ ನಾದತಂತುಗಳು ಕಂಪಿಸತೊಡಗುವವರೆಗಿನ ಅವಧಿಯನ್ನು ಎಣಿಸುತ್ತಾರೆ. ಲಿಸ್ಕರ್ ಮತ್ತು ಅಬ್ರಾಮ್ಸನ್ ಎಂಬ ಅಮೆರಿಕದ ವಿದ್ವಾಂಸರು 1964ರಲ್ಲಿ ಪ್ರಕಟಿಸಿದ ಹೆಸರಾಂತ ಅಳತೆಗಳಲ್ಲಿ ಇಂಗ್ಲಿಷ್ ಪದದ ಮೊದಲಿನ ಪಕಾರಕ್ಕೆ ಈ ಅವಧಿ ಸರಾಸರಿ 58 ಮಿಲಿಸೆಕೆಂಡು, ಕಕಾರಕ್ಕೆ 80 ಇತ್ತು. ಅದೇ ಜಾಗದ ಬಕಾರದಲ್ಲಿ ಇದು ಸೊನ್ನೆಯ ಆಸುಪಾಸಿನಲ್ಲಿರುತ್ತದೆ. ಅಂದರೆ ಇಂಗ್ಲಿಷಿನವರು ಪದದ ಮೊದಲಲ್ಲಿ ಪ-ಬಗಳನ್ನು ಗುರುತಿಸುವುದು ಬಹುಮಟ್ಟಿಗೆ ಈ ಗಾಳಿಯ ತಡದಿಂದಲೇ. ನಾವು ಹಾಗಲ್ಲ, ನಮ್ಮ ಬಕಾರದಲ್ಲಿ ತುಟಿ ತೆರೆಯುವುದಕ್ಕೆ ಮುಂಚೆಯೇ ಕೊರಳು ಕಂಪಿಸುತ್ತಿರುತ್ತದೆ, ಪಕಾರದಲ್ಲಿ ಹಾಗೆ ಕಂಪಿಸುವುದಿಲ್ಲ.

ಇದರ ಪರಿಣಾಮ ತಿಳಿಯಲು ಒಂದು ಸುಲಭ ಪ್ರಯೋಗವಿದೆ. ‘ಸ್ಪಿನ್’ ಪದದ ಧ್ವನಿಮುದ್ರಣವನ್ನು ಪ್ರಾಟ್ ಎಂಬ ಉಚಿತ ತಂತ್ರಾಂಶದಲ್ಲಿ ತೆರೆಯಿರಿ. ಅಲೆಯ ಚಿತ್ರದಲ್ಲಿ ಮೊದಲು ಮರಳು ಸುರಿದಂತೆ ಕಾಣುವ ಭಾಗ ಸಕಾರ, ಅದರ ನಂತರದ ಚಪ್ಪಟೆ ಗೆರೆ ತುಟಿ ಮುಚ್ಚಿದ ಹೊತ್ತು. ಮರಳಿನ ಭಾಗವನ್ನು ಪೂರ್ತಿಯಾಗಿ ಕತ್ತರಿಸಿ ಉಳಿದದ್ದನ್ನು ಕೇಳಿಸಿದರೆ ಕನ್ನಡಿಗರು ‘ಪಿನ್’ ಎನ್ನುತ್ತಾರೆ, ಇಂಗ್ಲಿಷಿನವರು ‘ಬಿನ್’ ಎನ್ನುತ್ತಾರೆ. ಕಿವಿಗೆ ಬಿದ್ದ ಸದ್ದು ಒಂದೇ, ಅದನ್ನು ಹಾಕಿದ ಪೆಟ್ಟಿಗೆ ಮಾತ್ರ ಬೇರೆ. ನಮ್ಮವರು ವಿದೇಶದಲ್ಲಿ ‘ಪ್ಯಾಕ್’ ಎಂದಾಗ ಎದುರಿನವರು ‘ಬ್ಯಾಕ್’ ಎಂದು ತಿಳಿಯುವುದೂ ಇದೇ ಕಾರಣಕ್ಕೆ. ಕತ್ತರಿಸುವಾಗ ಸಕಾರದ ಚೂರು ಉಳಿದರೆ ಪ್ರಯೋಗ ಕೆಡುತ್ತದೆ, ಆದ್ದರಿಂದ ಚಪ್ಪಟೆ ಗೆರೆಯ ನಡುವಿನಲ್ಲಿಯೇ ಕತ್ತರಿಸುವುದು ಕ್ಷೇಮ.

ಹಾಗಿದ್ದರೆ ‘ಪೆನ್ನು’, ‘ಪೇಪರು’ಗಳನ್ನು ನಾವು ‘ಫ’ ಅಕ್ಷರದಿಂದ ಏಕೆ ಬರೆಯಲಿಲ್ಲ?

ಒಳ್ಳೆಯ ಪ್ರಶ್ನೆ. ಇಂಗ್ಲಿಷಿನವನ ಬಾಯಲ್ಲಿ ಅವು ಮಹಾಪ್ರಾಣದಿಂದಲೇ ಆರಂಭವಾಗುತ್ತವೆ, ನಮ್ಮ ಬಳಿ ಮಹಾಪ್ರಾಣಕ್ಕೆ ಅಕ್ಷರವೂ ಇತ್ತು. ಆದರೆ ಇಂಗ್ಲಿಷಿನಲ್ಲಿ ಪಕಾರದ ಜೊತೆಗೆ ಹಲ್ಲು-ತುಟಿಯ ಇನ್ನೊಂದು ಧ್ವನಿಮಾ ಇದೆ. ಅದಕ್ಕೂ ಒಂದು ಅಕ್ಷರ ಬೇಕಿತ್ತು. ‘ಫ’ ಅದಕ್ಕೆ ಹೋಯಿತು, ‘ಪ’ ಪಕಾರಕ್ಕೆ ಉಳಿಯಿತು. ಎರವಲು ಪಡೆಯುವ ಭಾಷೆ ಬಂದ ಪದದ ಉಪಧ್ವನಿಗಳನ್ನು ಅಕ್ಷರಕ್ಕೆ ಅಕ್ಷರ ನಕಲು ಮಾಡುವುದಿಲ್ಲ. ವ್ಯತ್ಯಾಸಗಳನ್ನು ಉಳಿಸಿಕೊಳ್ಳಲು ತನ್ನಲ್ಲಿರುವ ಸಾಮಾನಿನಲ್ಲೇ ಹೊಂದಿಸಿಕೊಳ್ಳುತ್ತದೆ.

ಕನ್ನಡದಲ್ಲಿ ಅಲ್ಪಪ್ರಾಣ-ಮಹಾಪ್ರಾಣಗಳು ಬೇರೆ ಬೇರೆ ಧ್ವನಿಮಾಗಳೇ?

ಬರಹದ ಕನ್ನಡವನ್ನೂ ಅದನ್ನು ಎಚ್ಚರದಿಂದ ಓದುವವರ ಉಚ್ಚಾರಣೆಯನ್ನೂ ನೋಡಿದರೆ, ಹೌದು. ‘ದನ’ ಎಂದರೆ ಹಸು ಎಮ್ಮೆ, ‘ಧನ’ ಎಂದರೆ ಸಂಪತ್ತು. ‘ಕರ’ ಎಂದರೆ ಕೈ ಅಥವಾ ತೆರಿಗೆ, ‘ಖರ’ ಎಂದರೆ ಕತ್ತೆ. ‘ಪಲ’ ಎಂಬುದು ಹಳೆಯದೊಂದು ತೂಕ, ‘ಫಲ’ ಎಂದರೆ ಹಣ್ಣು. ಒಂದೇ ಧ್ವನಿಯ ವ್ಯತ್ಯಾಸದಿಂದ ಅರ್ಥ ಬದಲಾಗುವ ಇಂತಹ ಜೋಡಿಗೆ ಕನಿಷ್ಠ ಭೇದದ ಜೋಡಿ ಎನ್ನುತ್ತಾರೆ. ಧ್ವನಿಮಾವನ್ನು ಸಾಧಿಸಲು ಇದಕ್ಕಿಂತ ಗಟ್ಟಿಯಾದ ಸಾಕ್ಷ್ಯವಿಲ್ಲ.

ಆಡುಮಾತಿಗೆ ಬಂದರೆ ಚಿತ್ರ ಬೇರೆಯಾಗುತ್ತದೆ. ಹಾಸನ ಸೀಮೆಯ ಹಳ್ಳಿಗಳಲ್ಲಿ, ಹಾಗೆ ನೋಡಿದರೆ ಕರ್ನಾಟಕದ ಬಹುಭಾಗದಲ್ಲಿ, ‘ಕತೆ’, ‘ಬಾಸೆ’, ‘ದರ್ಮ’ ಎಂದೇ ಹೇಳುತ್ತಾರೆ. ಇಂತಹ ಮಾತುಗಾರರಿಗೆ ಧನ-ದನಗಳ ಗೊಂದಲ ಆಗುವುದಿಲ್ಲವೇ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಆಗುವುದಿಲ್ಲ, ಏಕೆಂದರೆ ಸಂಪತ್ತಿಗೆ ಅವರು ‘ಧನ’ ಎನ್ನುವುದೇ ಇಲ್ಲ. ದುಡ್ಡು, ಕಾಸು, ಆಸ್ತಿ ಎನ್ನುತ್ತಾರೆ. ಜೋಡಿಯ ಒಂದು ಪದ ಪುಸ್ತಕದಲ್ಲಿ ಮಾತ್ರ ಬದುಕಿದ್ದರೆ ಆ ಜೋಡಿ ಪುಸ್ತಕ ಓದುವವರ ಕನ್ನಡಕ್ಕೆ ಸಾಕ್ಷಿಯಾಗುತ್ತದೆಯೇ ಹೊರತು ಎಲ್ಲರ ಕನ್ನಡಕ್ಕಲ್ಲ. ಭಾಷಾವಿಜ್ಞಾನಿ ಡಿ. ಎನ್. ಶಂಕರ ಬಟ್ ಅವರು ಬರವಣಿಗೆಯಲ್ಲೂ ಮಹಾಪ್ರಾಣದ ಅಕ್ಷರಗಳು ಬೇಡವೆಂದು ವಾದಿಸಿದ್ದು, ತಮ್ಮ ಹೆಸರನ್ನೇ ಹಾಗೆ ಬರೆದುಕೊಂಡದ್ದು ಈ ವಾಸ್ತವದ ಮೇಲೆಯೇ. ಲಿಪಿ ಸುಧಾರಣೆಯ ಬಗ್ಗೆ ಅವರ ತೀರ್ಮಾನವನ್ನು ಒಪ್ಪುವುದೂ ಬಿಡುವುದೂ ಬೇರೆ ಮಾತು. ಬಹುಪಾಲು ಆಡುಗನ್ನಡದಲ್ಲಿ ಮಹಾಪ್ರಾಣ ಧ್ವನಿಮಾವಲ್ಲ ಎಂಬ ಅವಲೋಕನವನ್ನು ಮಾತ್ರ ಅಲ್ಲಗಳೆಯುವುದು ಕಷ್ಟ.

‘ಕತೆ’ ಮತ್ತು ‘ಕಥೆ’ ಕನಿಷ್ಠ ಭೇದದ ಜೋಡಿಯಲ್ಲವೇ?

ಅಲ್ಲ. ಅರ್ಥ ಒಂದೇ ಆಗಿರುವುದರಿಂದ ಅದು ಒಂದು ಪದದ ಎರಡು ಉಚ್ಚಾರಣೆ ಮಾತ್ರ. ‘ಕತೆ’ ಮತ್ತು ‘ಕತ್ತೆ’ ಎಂದರೆ ಜೋಡಿಯಾಗುತ್ತದೆ, ಆದರೆ ಅದು ತೋರಿಸುವುದು ಮಹಾಪ್ರಾಣವನ್ನಲ್ಲ, ಒತ್ತಕ್ಷರದ ಭೇದವನ್ನು.

ಒಬ್ಬ ವ್ಯಕ್ತಿಯ ಮಾತಿನಲ್ಲಿ ಒಂದು ಧ್ವನಿ ಧ್ವನಿಮಾವೇ ಅಲ್ಲವೇ ಎಂದು ಪತ್ತೆಹಚ್ಚುವುದು ಹೇಗೆ?

ನನ್ನ ವಿದ್ಯಾರ್ಥಿನಿಯೊಬ್ಬಳು ಸಕಲೇಶಪುರದ ಕಡೆಯ ತನ್ನದೇ ತೋಟದ ಮನೆಯಲ್ಲಿ ಅಜ್ಜಿ, ಅಪ್ಪ ಮತ್ತು ತಂಗಿಯ ಮಾತನ್ನು ಮುದ್ರಿಸಿಕೊಂಡು ಮಾಡಿದ ಕೆಲಸವನ್ನೇ ಇಲ್ಲಿ ಹೇಳುತ್ತೇನೆ. ಪ್ರಶ್ನೆ ಇದು: ಹಲ್ಲು-ತುಟಿಯ [ಫ] ಈ ಮನೆಯ ಕನ್ನಡದಲ್ಲಿ ಧ್ವನಿಮಾವೇ?

ಅವಳು ಮೊದಲು ಕಾಫಿ, ಫೋನು, ಆಫೀಸು, ಫಲ, ಪಲ್ಯ, ಪಾಲು, ಸೋಪು, ಕಾಪಿ ಮುಂತಾದ ಪದಗಳನ್ನು ಕಾಗದದ ಮೇಲೆ ಬರೆದು ಓದಿಸಿದಳು. ಅಲ್ಲಿಯೇ ಎಡವಿದ್ದು. ಬರೆದದ್ದನ್ನು ಓದುವಾಗ ಜನ ಅಕ್ಷರವನ್ನು ಓದುತ್ತಾರೆ, ತಮ್ಮ ಮಾತನ್ನು ಆಡುವುದಿಲ್ಲ. ಅಪ್ಪನ ಬಾಯಿಂದ ಶಾಲೆಯ ದಿನಗಳ ಮಹಾಪ್ರಾಣವೆಲ್ಲ ಎದ್ದು ಬಂತು. ಎರಡನೆಯ ಸಲ ವಸ್ತುವನ್ನೋ ಚಿತ್ರವನ್ನೋ ತೋರಿಸಿ, ‘ಇದಕ್ಕೆ ___ ಅಂತೀವಿ’ ಎಂಬ ಒಂದೇ ವಾಕ್ಯದಲ್ಲಿ ಹೇಳಿಸಿದಳು. ಪ್ರತಿಯೊಂದು ಪದವನ್ನೂ ಹಲವು ಸಲ, ಸರದಿ ಕಲಸಿ ಕೇಳಿದಳು. ಒಂದೇ ಪದವನ್ನು ಬೆನ್ನುಬೆನ್ನಿಗೆ ಹೇಳಿಸಿದರೆ ಮಾತು ಪಾಠ ಒಪ್ಪಿಸಿದಂತಾಗುತ್ತದೆ.

ಅಜ್ಜಿ ಎಲ್ಲ ಸಲವೂ ಕಾಪಿ, ಪೋನು, ಆಪೀಸು, ಪಲ ಎಂದರು. ಅವರ ಮಾತಿನಲ್ಲಿ [ಫ] ಬರಲೇ ಇಲ್ಲ. ತಂಗಿ ಎಲ್ಲ ಸಲವೂ ಕಾಫಿಯನ್ನು [ಫ]ದಿಂದಲೂ ಪರೀಕ್ಷೆಯ ಕಾಪಿಯನ್ನು [ಪ]ದಿಂದಲೂ ಹೇಳಿದಳು. ಒಂದರ ಬದಲು ಇನ್ನೊಂದು ಒಮ್ಮೆಯೂ ಬರಲಿಲ್ಲ. ಅವಳ ಕನ್ನಡದಲ್ಲಿ ಕನಿಷ್ಠ ಭೇದದ ಜೋಡಿ ಸಿದ್ಧವಾಗಿದೆ, ಆದ್ದರಿಂದ /ಫ/ ಧ್ವನಿಮಾ. ಸಂಸ್ಕೃತದಿಂದ ಬಂದ ‘ಫಲ’ವನ್ನೂ ಅವಳು ಹಲ್ಲು-ತುಟಿಯಿಂದಲೇ ಹೇಳುತ್ತಾಳೆ, ಅಂದರೆ ‘ಫ’ ಅಕ್ಷರಕ್ಕಿದ್ದ ಹಳೆಯ ಮಹಾಪ್ರಾಣದ ಓದು ಅವಳಲ್ಲಿ ಉಳಿದಿಲ್ಲ.

ತೊಡಕು ಅಪ್ಪನದು. ಅವರು ಆಳುಗಳೊಂದಿಗೆ ಮಾತನಾಡುವಾಗ ಕಾಪಿ, ವ್ಯಾಪಾರಿಗಳು ಬಂದಾಗ ಕಾಫಿ, ಮನೆಯಲ್ಲಿ ಎರಡೂ. ಒಂದೇ ಪದದಲ್ಲಿ ಎರಡು ಧ್ವನಿಗಳು ಅರ್ಥ ಕೆಡಿಸದೆ ಅದಲುಬದಲಾಗುವುದನ್ನು ಮುಕ್ತ ವ್ಯತ್ಯಾಸ ಎನ್ನುತ್ತಾರೆ. ಹಾಗಾಗಿ [ಪ], [ಫ] ಅವರಲ್ಲಿ ಒಂದೇ ಧ್ವನಿಮಾದ ಉಪಧ್ವನಿಗಳೆಂದು ವಿದ್ಯಾರ್ಥಿನಿ ಬರೆದಳು. ಆದರೆ ಅವಳದೇ ಪಟ್ಟಿಯನ್ನು ನೋಡಿದರೆ, ಅಪ್ಪ ಪರೀಕ್ಷೆಯ ಕಾಪಿಯನ್ನಾಗಲಿ, ಪಲ್ಯ, ಪಾಲು, ಸೋಪುಗಳನ್ನಾಗಲಿ ಒಮ್ಮೆಯೂ [ಫ]ದಿಂದ ಹೇಳಿರಲಿಲ್ಲ. ನಿಜವಾಗಿ ಒಂದೇ ಧ್ವನಿಮಾದ ಮುಕ್ತ ವ್ಯತ್ಯಾಸವಾಗಿದ್ದರೆ ಈ ಪದಗಳೂ ಆಗೊಮ್ಮೆ ಈಗೊಮ್ಮೆ ಅಲುಗಾಡಬೇಕಿತ್ತು. ಅಲುಗಾಡುವುದು ಕೆಲವೇ ಪದಗಳು ಎಂದಮೇಲೆ, ಯಾವ ಪದಕ್ಕೆ [ಫ] ಬರಬಹುದು ಯಾವುದಕ್ಕೆ ಬರಬಾರದು ಎಂಬ ಭೇದ ಅವರ ಮನಸ್ಸಿನಲ್ಲಿ ಇದೆ ಎಂದಾಯಿತು. ಅವರಲ್ಲಿಯೂ /ಫ/ ಪ್ರತ್ಯೇಕ ಧ್ವನಿಮಾವೇ. ಎದುರಿಗಿರುವವರನ್ನು ನೋಡಿ ಅದರ ಬದಲು /ಪ/ ಬಳಸುತ್ತಾರೆ, ಅಷ್ಟೆ. ಮುಕ್ತ ವ್ಯತ್ಯಾಸ ಎಂದು ಷರಾ ಬರೆಯುವ ಮುನ್ನ ಅಲುಗಾಡದ ಪದಗಳನ್ನೂ ಪಟ್ಟಿಯಲ್ಲಿ ಇಟ್ಟಿರಬೇಕು ಎಂಬುದು ಇದಕ್ಕಾಗಿಯೇ.

ಕೊನೆಗೆ ತಂಗಿಯ ಎರಡು ಮುದ್ರಣಗಳನ್ನು ಅಜ್ಜಿಗೆ ಕೇಳಿಸಿ, ಲೋಟ ಮತ್ತು ಉತ್ತರಪತ್ರಿಕೆಯ ಚಿತ್ರಗಳಲ್ಲಿ ಯಾವುದೆಂದು ಕೇಳಿದಾಗ ಅವರು ಎರಡಕ್ಕೂ ಲೋಟವನ್ನೇ ತೋರಿಸಿದರು. ಬೇರೆ ಬೇರೆಯಾಗಿ ಕೇಳಿಸುವುದಿಲ್ಲವೇ ಎಂದರೆ, ‘ಒಂದ್ರಲ್ಲಿ ಏನೋ ಗಾಳಿ ಸೇರ್ದಂಗೈತೆ ಕಣವ್ವ, ಎಲ್ಡೂ ಕಾಪೀನೇ’ ಎಂದರಂತೆ. ಕಿವಿ ಭೇದವನ್ನು ಹಿಡಿದಿದೆ, ಭಾಷೆ ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಉಪಧ್ವನಿಯ ಪರಿಕಲ್ಪನೆಗೆ ನಾನು ಕೇಳಿದ ಅತ್ಯುತ್ತಮ ವ್ಯಾಖ್ಯಾನ ಅದು.

ಕನಿಷ್ಠ ಭೇದದ ಜೋಡಿಯೇ ಸಿಗದಿದ್ದರೆ?

ಆಗ ಧ್ವನಿಗಳು ಬರುವ ಜಾಗಗಳನ್ನು ಪಟ್ಟಿ ಮಾಡಬೇಕು. ಕನ್ನಡದ ಅನುನಾಸಿಕಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ಎರಡು ಸ್ವರಗಳ ನಡುವೆ ಮಕಾರ, ನಕಾರ, ಣಕಾರಗಳು ಮೂರೂ ಅರ್ಥಭೇದ ಮಾಡುತ್ತವೆ: ಆಮೆ, ಆನೆ, ಆಣೆ. ಆಲೂರು, ಸಕಲೇಶಪುರದ ಕಡೆಯವರಿಗೆ ಆನೆ ಬಂತು ಎಂಬುದಕ್ಕೂ ಆಮೆ ಬಂತು ಎಂಬುದಕ್ಕೂ ಇರುವ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೀಗೆ ಮೂರು ಧ್ವನಿಮಾಗಳು ಸಿಕ್ಕವು.

ವರ್ಣಮಾಲೆಯಲ್ಲಿರುವ ಙ ಮತ್ತು ಞಗಳ ಮಾತೇನು? ‘ಅಂಗಡಿ’ ಎನ್ನುವಾಗ ನಾಲಿಗೆಯ ಬುಡ ಮೇಲೆದ್ದು [ಙ] ಆಗುತ್ತದೆ, ‘ಅಂಚೆ’ ಎನ್ನುವಾಗ ನಾಲಿಗೆಯ ನಡುಭಾಗ ಅಂಗುಳಿಗೆ ತಗಲಿ [ಞ] ಆಗುತ್ತದೆ. ಆದರೆ ಆಡುಗನ್ನಡದಲ್ಲಿ [ಙ] ಬರುವುದು ಕವರ್ಗದ ಮುಂಚೆ ಮಾತ್ರ, [ಞ] ಬರುವುದು ಚವರ್ಗದ ಮುಂಚೆ ಮಾತ್ರ. ಆ ಜಾಗಗಳಲ್ಲಿ [ನ] ಬರುವುದಿಲ್ಲ. ಒಂದು ಬರುವಲ್ಲಿ ಇನ್ನೊಂದು ಬಾರದ ಈ ಹಂಚಿಕೆಗೆ ಪೂರಕ ಪ್ರಸಾರ ಎಂದು ಹೆಸರು. ಬದಲಾಯಿಸಿ ನೋಡಲು ಅವಕಾಶವೇ ಇಲ್ಲದಿರುವಾಗ ಅರ್ಥಭೇದದ ಮಾತು ಬರುವುದಿಲ್ಲ, ಆದ್ದರಿಂದ ಇವನ್ನು ನಕಾರದ ಉಪಧ್ವನಿಗಳೆಂದು ಹೇಳುತ್ತೇವೆ. ಈ ನಿಯಮ ಇಂದಿಗೂ ಕೆಲಸ ಮಾಡುತ್ತಿದೆ ಎಂಬುದಕ್ಕೆ ದಿನನಿತ್ಯದ ಮಾತೇ ಸಾಕ್ಷಿ: ‘ನನಗೆ’ ಎಂಬುದರ ನಡುವಿನ ಸ್ವರ ಬಿದ್ದುಹೋದ ಕೂಡಲೇ ನಕಾರ ಗಕಾರದ ಪಕ್ಕಕ್ಕೆ ಬಂದು ‘ನಂಗೆ’ ಆಗುತ್ತದೆ, ನಾಲಿಗೆ ತಾನಾಗಿಯೇ [ಙ]ಕ್ಕೆ ಸರಿಯುತ್ತದೆ. ಅಂಗಡಿ, ಅಂಚೆ, ಗಂಟೆ, ಸಂತೆ, ಕಂಬ ಎಲ್ಲದಕ್ಕೂ ಒಂದೇ ಸೊನ್ನೆಯನ್ನು ಬರೆದು ಸುಮ್ಮನಿರುವ ನಮ್ಮ ಲಿಪಿ, ಮುಂದಿನ ವ್ಯಂಜನವೇ ಉಚ್ಚಾರಣೆಯನ್ನು ನಿರ್ಧರಿಸುತ್ತದೆ ಎಂಬುದನ್ನು ಬಹಳ ಹಿಂದೆಯೇ ಕಂಡುಕೊಂಡಿತ್ತು.

ಇಂಗ್ಲಿಷಿನಲ್ಲಿ ಇದೇ [ಙ] ಧ್ವನಿಮಾ. ತೆಳು ಎಂಬ ಅರ್ಥದ ‘ಥಿನ್’ ಮತ್ತು ವಸ್ತು ಎಂಬ ಅರ್ಥದ ‘ಥಿಂಗ್’ ಪದಗಳು ಕೊನೆಯ ಅನುನಾಸಿಕದಿಂದಲೇ ಬೇರೆಯಾಗುತ್ತವೆ. ಎರಡನೆಯದರ ಕೊನೆಯಲ್ಲಿ ಗಕಾರ ಕೇಳಿಸುವುದೇ ಇಲ್ಲ. ನಮಗೆ ಕವರ್ಗದ ಆಸರೆ ಇಲ್ಲದೆ [ಙ] ಹೇಳಿ ಅಭ್ಯಾಸವಿಲ್ಲದ್ದರಿಂದ ಗಕಾರವನ್ನು ಸೇರಿಸಿಯೇ ಹೇಳುತ್ತೇವೆ. ಪ್ರಮಾಣ ಬ್ರಿಟಿಷ್ ಇಂಗ್ಲಿಷಿನಲ್ಲಿ ‘ಫಿಂಗರ್’ ಪದದಲ್ಲಿ ಗಕಾರವಿದೆ, ‘ಸಿಂಗರ್’ ಪದದಲ್ಲಿಲ್ಲ ಎಂದಾಗ ತರಗತಿಯಲ್ಲಿ ಅರ್ಧ ಜನ ನಂಬುವುದಿಲ್ಲ.

ಪೂರಕ ಪ್ರಸಾರ ಒಂದಿದ್ದರೆ ಸಾಕೇ?

ಸಾಲದು. ಇಂಗ್ಲಿಷಿನಲ್ಲಿ ಹಕಾರ ಉಚ್ಚಾರಾಂಶದ ಮೊದಲಲ್ಲಿ ಮಾತ್ರ ಬರುತ್ತದೆ, [ಙ] ಕೊನೆಯ ಕಡೆ ಮಾತ್ರ ಬರುತ್ತದೆ. ಹಂಚಿಕೆಯನ್ನಷ್ಟೇ ನೋಡಿದರೆ ಇವೆರಡೂ ಒಂದೇ ಧ್ವನಿಮಾದ ಉಪಧ್ವನಿಗಳು ಎನ್ನಬೇಕಾಗುತ್ತದೆ. ಹಾಗೆ ಯಾವ ಇಂಗ್ಲಿಷ್ ಮಾತುಗಾರನೂ ಭಾವಿಸುವುದಿಲ್ಲ. ಆದ್ದರಿಂದ ಉಚ್ಚಾರಣೆಯಲ್ಲಿ ಸಾಮ್ಯವೂ ಇರಬೇಕು ಎಂಬ ಇನ್ನೊಂದು ನಿಬಂಧನೆಯನ್ನು ಸೇರಿಸುತ್ತಾರೆ. ಎಷ್ಟು ಸಾಮ್ಯ ಇದ್ದರೆ ಸಾಕು ಎಂಬುದಕ್ಕೆ ಮಾತ್ರ ಅಳತೆಗೋಲಿಲ್ಲ, ಮತ್ತು ಈ ಸಡಿಲು ಮುಂದಿನ ಪ್ರಶ್ನೆಯಲ್ಲಿ ನಮಗೇ ಎದುರಾಗುತ್ತದೆ.

ಉಪಧ್ವನಿಯೊಂದು ಕಾಲಾಂತರದಲ್ಲಿ ಧ್ವನಿಮಾ ಆಗಬಹುದೇ?

ಆಗಬಹುದು, ಮತ್ತು ಅದರ ಸಾಕ್ಷಿ ಹಾಸನ ಜಿಲ್ಲೆಯಲ್ಲಿಯೇ ಇದೆ. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ದೊರೆತ, ಸಾಮಾನ್ಯವಾಗಿ ಐದನೆಯ ಶತಮಾನದ್ದೆಂದು ಹೇಳಲಾಗುವ ಶಾಸನದಲ್ಲಿ ಆ ಊರಿನ ಹೆಸರು ಹಕಾರದಿಂದಲ್ಲ, ಪಕಾರದಿಂದ ಆರಂಭವಾಗುತ್ತದೆ. ಹಳಗನ್ನಡದ ಪಾಲ್, ಪುಲಿ, ಪೋಗು, ಪತ್ತು ಎಂಬವು ಮುಂದೆ ಹಾಲು, ಹುಲಿ, ಹೋಗು, ಹತ್ತು ಆದವು; ಊರೂ ಅದೇ ದಾರಿ ಹಿಡಿಯಿತು.

ಈ ಬದಲಾವಣೆ ಎಲ್ಲ ಜಾಗದಲ್ಲೂ ನಡೆಯಲಿಲ್ಲ ಎಂಬುದೇ ನಮಗೆ ಮುಖ್ಯ. ಒತ್ತಕ್ಷರದಲ್ಲಿ ಪಕಾರ ಹಾಗೆಯೇ ಉಳಿಯಿತು: ಉಪ್ಪು, ತಪ್ಪು, ಕಪ್ಪು. ಎಣಿಕೆಯಲ್ಲಿ ‘ಹತ್ತು’ ಎನ್ನುತ್ತೇವೆ, ಆದರೆ ‘ಇಪ್ಪತ್ತು’, ‘ಎಪ್ಪತ್ತು’ ಎನ್ನುತ್ತೇವೆ. ಅದೇ ಹತ್ತು, ಒತ್ತಿನೊಳಗೆ ಸಿಕ್ಕಿಕೊಂಡದ್ದರಿಂದ ಹಳೆಯ ಪಕಾರವನ್ನು ಕಾಪಾಡಿಕೊಂಡಿದೆ. ಹೀಗೆ ಪದದ ಮೊದಲಲ್ಲಿ [ಹ], ಒತ್ತಿನಲ್ಲಿ [ಪ್ಪ] ಎಂಬ ಹಂಚಿಕೆ ಏರ್ಪಟ್ಟಾಗ, ದೇಶ್ಯ ಪದಗಳ ಮಟ್ಟಿಗೆ ಹಕಾರವನ್ನು ಪಕಾರದ ಉಪಧ್ವನಿ ಎನ್ನಲು ಅವಕಾಶವಿತ್ತು. ಉಚ್ಚಾರಣೆಯ ಸಾಮ್ಯ ಕಡಿಮೆಯೇ, ಆದರೆ ಹತ್ತು-ಇಪ್ಪತ್ತುಗಳಂತಹ ಸಂಬಂಧ ಅವೆರಡನ್ನು ಕಟ್ಟಿಹಾಕುತ್ತದೆ. ಇಂಗ್ಲಿಷಿನ ಹಕಾರಕ್ಕೂ [ಙ]ಕ್ಕೂ ಇಂತಹ ಬಂಧ ಇಲ್ಲವೇ ಇಲ್ಲ.

ಆ ಹಂಚಿಕೆ ಉಳಿಯಲಿಲ್ಲ. ಪಾಠ, ಪುಣ್ಯ, ಪೂಜೆ ಮುಂತಾದ ಎರವಲು ಪದಗಳು ಪದದ ಮೊದಲಲ್ಲಿ ಪಕಾರವನ್ನು ಹೊತ್ತು ನಿಂತಿದ್ದವು, ಕೆಲವು ದೇಶ್ಯ ಪದಗಳೂ ಹಕಾರಕ್ಕೆ ತಿರುಗದೆ ಉಳಿದವು. ಇಂದು ಆಸ್ತಿಯಲ್ಲಿ ಕೇಳುವುದು ‘ಪಾಲು’, ಡೈರಿಗೆ ಹಾಕುವುದು ‘ಹಾಲು’. ಪಡುವುದು ‘ಪಾಡು’, ಹೇಳುವುದು ‘ಹಾಡು’. ಒಂದೇ ಜಾಗದಲ್ಲಿ ಎರಡೂ ಬಂದು ಅರ್ಥ ಬೇರೆಯಾಗುತ್ತಿರುವುದರಿಂದ /ಪ/ ಮತ್ತು /ಹ/ ಈಗ ಎರಡು ಧ್ವನಿಮಾಗಳು.

ಹಾಗಿದ್ದರೆ ಒಂದು ಅಕ್ಷರಕ್ಕೆ ಒಂದು ಧ್ವನಿಮಾ ಎಂದು ತಿಳಿಯಬಹುದೇ?

ಕನ್ನಡದಲ್ಲಿ ಸಾಕಷ್ಟು ದೂರ ತಿಳಿಯಬಹುದು, ಪೂರ್ತಿ ಅಲ್ಲ. ‘ಎಲ್ಲಿ’ ಎಂದು ಬರೆಯುತ್ತೇವೆ, ಹೇಳುವಾಗ ಮೊದಲಲ್ಲಿ ತೆಳುವಾದ ಯಕಾರ ಸೇರಿ ‘ಯೆಲ್ಲಿ’ ಎಂಬಂತೆ ಕೇಳಿಸುತ್ತದೆ; ‘ಒಂದು’ ಎನ್ನುವಾಗ ವಕಾರದ ಛಾಯೆ ಬರುತ್ತದೆ. ಪದದ ಮೊದಲಲ್ಲಿ ಮಾತ್ರ ಹೀಗಾಗುವುದರಿಂದ ಇವು ಎಕಾರ, ಒಕಾರಗಳ ಉಪಧ್ವನಿಗಳು, ಬರೆಯದಿರುವುದೇ ಸರಿ. ಇದೇ ಅಭ್ಯಾಸವನ್ನು ಇಂಗ್ಲಿಷಿಗೆ ಒಯ್ದು ಮೊಟ್ಟೆಗೆ ‘ಯೆಗ್’ ಎಂದಾಗ ಮಾತ್ರ ಕೇಳುವವರಿಗೆ ಅದು ಎದ್ದು ತೋರುತ್ತದೆ.

ನಮ್ಮೂರಲ್ಲಿ ‘ಹಾಸನ’ಕ್ಕೆ ‘ಆಸ್ನ’ ಎನ್ನುತ್ತಾರೆ. ಇಲ್ಲಿ ಹಕಾರದ ಉಪಧ್ವನಿ ಸೊನ್ನೆಯೇ?

ಕೆಲವರ ಮಾತಿನಲ್ಲಿ ಹಾಗೆ ಹೇಳಬಹುದು, ಎಲ್ಲರದ್ದರಲ್ಲಿ ಅಲ್ಲ. ಮನೆಯಲ್ಲಿ ‘ಆಸ್ನ’, ಕಚೇರಿಯಲ್ಲಿ ‘ಹಾಸನ’ ಎನ್ನುವವರು ಹಕ್ಕಿಗೆ ‘ಅಕ್ಕಿ’ ಎಂದರೂ ಅನ್ನ ಮಾಡುವ ಅಕ್ಕಿಗೆ ‘ಹಕ್ಕಿ’ ಎನ್ನುವುದಿಲ್ಲ. ಹಕಾರ ಎಲ್ಲಿರಬೇಕು ಎಂಬುದು ಅವರಿಗೆ ಗೊತ್ತಿದೆ, ಉಚ್ಚರಿಸುವುದು ಬಿಡುವುದು ಸಂದರ್ಭಕ್ಕೆ ಸೇರಿದ್ದು. ಅಪ್ಪನ ಕಾಫಿ-ಕಾಪಿಯಲ್ಲಿ ಕಂಡದ್ದೇ ಇಲ್ಲಿಯೂ ಇದೆ. ಅವರಲ್ಲಿ /ಹ/ ಧ್ವನಿಮಾ.

ಇನ್ನು ಕೆಲವರು ಮರ್ಯಾದೆಯ ಮಾತು ಆಡಬೇಕಾಗಿ ಬಂದಾಗ ‘ಹನ್ನ ಹಾಯ್ತಾ?’ ಎಂದು ಇಲ್ಲದ ಕಡೆಯೂ ಹಕಾರ ಸೇರಿಸುತ್ತಾರೆ. ಕೇಳಿದವರು ನಗುತ್ತಾರೆ, ಭಾಷಾವಿಜ್ಞಾನಿ ನಗುವ ಬದಲು ಬರೆದುಕೊಳ್ಳಬೇಕು. ಯಾವ ಪದದ ಮೊದಲಲ್ಲಿ ಹಕಾರವಿತ್ತು, ಯಾವುದರಲ್ಲಿರಲಿಲ್ಲ ಎಂಬ ಗುರುತು ಅವರ ಮನಸ್ಸಿನಲ್ಲಿ ಉಳಿದಿಲ್ಲ, ಆದ್ದರಿಂದಲೇ ಊಹೆಯಿಂದ ಸೇರಿಸುತ್ತಿದ್ದಾರೆ. ಅಂಥವರ ಕನ್ನಡದಲ್ಲಿ ಹಕ್ಕಿ-ಅಕ್ಕಿ, ಹಾಡು-ಆಡು ಜೋಡಿಗಳಲ್ಲ, ಒಂದೇ ಸದ್ದಿನ ಎರಡು ಪದಗಳು. ‘ಆಡು’ ಎಂದಾಗ ಅದು ಮೇಯುವುದೋ ಹಾಡುವುದೋ ಎಂಬುದನ್ನು ವಾಕ್ಯದ ಉಳಿದ ಭಾಗ ಹೇಳಬೇಕು. ಹಲ್ಮಿಡಿಯ ಸುತ್ತಿನ ಸೀಮೆಯಲ್ಲಿ ಒಂದು ಕಾಲಕ್ಕೆ ಪಕಾರದಿಂದ ಹುಟ್ಟಿದ ಹಕಾರ ಇವರ ಮಾತಿನಲ್ಲಿ ಧ್ವನಿಮಾದ ಪಟ್ಟಿಯಿಂದಲೇ ಬಿಟ್ಟುಹೋಗಿದೆ.